ಶೀಷೆಯ ಮೇಲಿನ ಸಹಿ

ಇಂಗ್ಲೆಂಡಿನ ವೂಸ್ಟರ್ ಪಟ್ಟಣದ ಬ್ರಾಡ್ ಸ್ಟ್ರೀಟಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಜಾನ್ ವೀಲಿ ಲೀ ಮತ್ತು ವಿಲಿಯಂ ಹೆನ್ರಿ ಪೆರಿನ್ಸ್ 1837ರ ಸುಮಾರಿಗೆ ಒಂದು ಕಪ್ಪು ಹುಳಿ ಸಾಸನ್ನು ಮಾರಲು ಶುರುಮಾಡಿದರು. ಅದು ಹುಟ್ಟಿದ ಬಗ್ಗೆ ಚಂದದ ಕತೆಯೊಂದು ಪ್ರಚಾರದಲ್ಲಿದೆ. ಬಂಗಾಳದ ಗವರ್ನರ್ ಆಗಿದ್ದ ಲಾರ್ಡ್ ಸ್ಯಾಂಡಿಸ್ ಊರಿಗೆ ಮರಳಿದಾಗ ಅಲ್ಲಿ ತಿಂದ ಸಾರಿನ ರುಚಿ ಮರೆಯಲಾಗದೆ, ಇವರಿಬ್ಬರ ಕೈಗೆ ಒಂದು ಚೀಟಿ ಕೊಟ್ಟು ಮಾಡಿಕೊಡಿ ಎಂದನಂತೆ. ಮಾಡಿದರಂತೆ, ಬಾಯಿಗಿಡಲಾಗಲಿಲ್ಲವಂತೆ. ಪೀಪಾಯಿಯನ್ನು ನೆಲಮಾಳಿಗೆಗೆ ತಳ್ಳಿ ಮರೆತರಂತೆ. ಬಹಳ ಕಾಲದ ಮೇಲೆ ಜಾಗ ಖಾಲಿ ಮಾಡಲು ಹೋಗಿ ನೆಕ್ಕಿ ನೋಡಿದರೆ, ಹದವಾಗಿ ಹುದುಗಿ ಅಮೃತವಾಗಿತ್ತಂತೆ.

ಕತೆಯಲ್ಲಿ ತೊಡಕೊಂದಿದೆ. ಲಾರ್ಡ್ ಸ್ಯಾಂಡಿಸ್ ಎಂಬ ಹೆಸರಿನವರು ಯಾರೂ ಬಂಗಾಳದ ಗವರ್ನರ್ ಆಗಿರಲಿಲ್ಲ. ಹಳೆಯ ಲೇಬಲ್ಲಿನಲ್ಲಿ ಇದ್ದದ್ದು ಜಿಲ್ಲೆಯ ಒಬ್ಬ ಶ್ರೀಮಂತರ ಪಾಕವಿಧಾನದಂತೆ ತಯಾರಿಸಿದ್ದು ಎಂಬಷ್ಟೇ ಮಾತು. ಗವರ್ನರು, ಬಂಗಾಳ, ಮರೆತ ಪೀಪಾಯಿ ಎಲ್ಲ ಮಾರಾಟ ಬೆಳೆದಂತೆ ಬೆಳೆದ ಅಲಂಕಾರ ಎಂದು ನನ್ನ ಅಂದಾಜು. ಹುದುಗು ಬರಿಸಿದರೆ ರುಚಿ ತಿರುಗುತ್ತದೆ ಎನ್ನುವುದು ಮಾತ್ರ ಸುಳ್ಳಲ್ಲ. ಆದರೆ ಆ ಇಬ್ಬರ ಕಂಪನಿ ನಿಜವಾಗಿ ಕಂಡುಕೊಂಡದ್ದು ಬೇರೆ ಒಂದಿದೆ. ಅದನ್ನು ಕಂಡುಕೊಳ್ಳಲು ಕಂಪನಿಗೆ ಸುಮಾರು ನಲವತ್ತು ವರ್ಷ ಹಿಡಿಯಿತು, ಒಂದು ಮೊಕದ್ದಮೆಯೂ ಬೇಕಾಯಿತು.

ಆ ಸಂಗತಿ ಹುಣಸೆ ಬೆಳೆಯುವ ಮಧುಗಿರಿ ಸೀಮೆಯವರಿಗೆ ಯಾಕೆ ಬೇಕು ಎಂದರೆ, ಆ ಶೀಷೆಯ ಹಿಂಬದಿ ಓದಿ. ವಿನಿಗರ್, ಕಾಕಂಬಿ, ಸಕ್ಕರೆ, ಉಪ್ಪು, ಆಂಚೊವಿ ಮೀನು, ಈರುಳ್ಳಿ, ಬೆಳ್ಳುಳ್ಳಿ, ಅವುಗಳ ನಡುವೆ ಹುಣಸೆಯ ಸಾರ. ಹುಣಸೆ ಯಾವ ಊರಿನದು, ಯಾರು ಬಡಿದು ಬಿಡಿಸಿದ್ದು ಎಂದು ಶೀಷೆ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಅದಕ್ಕಿಲ್ಲ.

ಬಡವನಹಳ್ಳಿ ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿದೆ. ಈ ಕಡೆ ಮಳೆ ಕೈಕೊಟ್ಟ ವರ್ಷವೂ ಏನಾದರೂ ಕೈಗೆ ಬರುವ ಮರಗಳಲ್ಲಿ ಹುಣಸೆ ಒಂದು. ಶಿವರಾತ್ರಿಯ ಹೊತ್ತಿಗೆ ಮರ ಬಡಿಯುವುದು ಜೋರಾಗಿರುತ್ತದೆ. ಹಣ್ಣು ಮನೆಮನೆಗೆ ಹೋಗುತ್ತದೆ, ಹೆಂಗಸರು ಕೂತು ಸಿಪ್ಪೆ, ನಾರು, ಬೀಜ ಬಿಡಿಸುತ್ತಾರೆ, ಕಿಲೋ ಲೆಕ್ಕದಲ್ಲಿ ಕೂಲಿ. ಅಲ್ಲಿಂದ ತುಮಕೂರಿನ ಮಂಡಿಗೋ ಗಡಿಯಾಚೆಯ ಹಿಂದೂಪುರಕ್ಕೋ. ಹಿಂದೂಪುರದಲ್ಲಿ ಒಳ್ಳೆಯ ಮಾಲಿಗೆ ಕರಿಪುಳಿ ಎನ್ನುತ್ತಾರೆ, ಅದರ ಕೆಳಗಿನದಕ್ಕೆ ಫ್ಲವರ್. ಮಂಡಿಯ ಆಚೆ ಆ ಎರಡು ಹೆಸರೂ ಅಷ್ಟಾಗಿ ಉಳಿಯುವುದಿಲ್ಲ, ಊರಿನ ಹೆಸರಂತೂ ಉಳಿಯುವುದೇ ಇಲ್ಲ. ಕಾನೂನಿನ ಲೆಕ್ಕದಲ್ಲಿ ಹುಣಸೆ ಸಾಂಬಾರ ಪದಾರ್ಥವೇ. ಸಾಂಬಾರ ಮಂಡಳಿಯ 52 ಪದಾರ್ಥಗಳ ಪಟ್ಟಿಯಲ್ಲಿ ಮೆಣಸು, ಏಲಕ್ಕಿಗಳ ಜೊತೆಗೇ ಇದೆ. ಹಡಗು ಹತ್ತಿಸುವ ರಫ್ತುದಾರನ ಹೆಸರು ಕಾಗದಪತ್ರದಲ್ಲಿ ಇರುತ್ತದೆ, ಅದನ್ನು ಓದುವವರು ಕಸ್ಟಮ್ಸಿನವರು. ಅಡುಗೆಮನೆಯಲ್ಲಿ ಪೊಟ್ಟಣ ಬಿಚ್ಚುವವಳು ಓದುವುದು ಅಲ್ಲಿಯ ಆಮದುದಾರನ ಹೆಸರನ್ನು. ಅಮೆರಿಕದಲ್ಲಿ 1974ರಲ್ಲಿ ಶಿಕಾಗೊದಲ್ಲಿ ಶುರುವಾದ ಪಟೇಲ್ ಬ್ರದರ್ಸ್‌ನಂಥ ಅಂಗಡಿ ಸರಪಣಿಗಳು ಬೆಳೆದದ್ದೇ ಹೀಗೆ. ಮಾಲು ನಮ್ಮದು, ಹೆಸರು ಅವರದು.

ಈ ಸಾಲಿನಿಂದ ಆಚೆ ಬಂದು ಸ್ವಂತ ಲೇಬಲ್ಲಿನಲ್ಲಿ ವಿದೇಶದ ಕಪಾಟು ಹತ್ತಬೇಕು ಎನ್ನುವ ರಫ್ತುದಾರ ಮೊದಲು ಹೋಗುವುದು ಹೆಸರಿನ ಹುಡುಕಾಟಕ್ಕೆ. ವೂಸ್ಟರಿನ ಕತೆ ಅಲ್ಲಿ ಕೆಲಸಕ್ಕೆ ಬರುತ್ತದೆ.

ಲೀ ಮತ್ತು ಪೆರಿನ್ಸ್ ತಮ್ಮ ಸಾಸಿಗೆ ಇಟ್ಟ ಹೆಸರು ತಮ್ಮ ಊರಿನದು, ವೂಸ್ಟರ್‌ಶೈರ್ ಸಾಸ್. 1839ರಲ್ಲೇ ನ್ಯೂಯಾರ್ಕಿನ ಜಾನ್ ಡಂಕನ್ ಎಂಬ ವ್ಯಾಪಾರಿ ತರಿಸಿಕೊಳ್ಳಲು ಆರಂಭಿಸಿದ. ಹಡಗಿನ ಊಟದ ಮೇಜಿನ ಮೇಲೆ ಶೀಷೆ ಇಡಲು ಬಡಿಸುವವರಿಗೆ ಕೈಬೆಚ್ಚಗೆ ಮಾಡುತ್ತಿದ್ದರು ಎನ್ನುತ್ತಾರೆ. ಹಡಗಿನಲ್ಲಿ ರುಚಿ ಹತ್ತಿದವರು ದಡಕ್ಕಿಳಿದು ಅಂಗಡಿಯಲ್ಲಿ ಕೇಳುತ್ತಿದ್ದರು. ಮಾರಾಟ ಏರಿತು, ಅದರ ಹಿಂದೆಯೇ ನಕಲು ಏರಿತು. ಯಾರು ಬೇಕಾದರೂ ಕಪ್ಪು ಸಾಸು ಕಾಯಿಸಿ ವೂಸ್ಟರ್‌ಶೈರ್ ಎಂದು ಅಂಟಿಸಿ ಮಾರತೊಡಗಿದರು. 1874ರ ಹೊತ್ತಿಗೆ ಇವರ ಕಂಪನಿಯವರು ಜಾಹೀರಾತು ಕೊಟ್ಟು, ನಕಲಿನ ಕಾಟದಿಂದ ಹೊಸ ಲೇಬಲ್ ತಂದಿದ್ದೇವೆ, ಅದರ ಮೇಲೆ ನಮ್ಮ ಸಹಿ ಇರುತ್ತದೆ ಎಂದು ತಿಳಿಸಿದರು. ಲೇಬಲ್ಲಿನ ಮೇಲೆ ಓರೆಯಾಗಿ ಹರಿದ ಕೈಬರಹ, ಲೀ ಅಂಡ್ ಪೆರಿನ್ಸ್. ಹೆಸರಿನ ಮೊಕದ್ದಮೆಯಲ್ಲಿ 1876ರಲ್ಲಿ ಹೈಕೋರ್ಟ್ ತೀರ್ಪು ಬಂತು. ವೂಸ್ಟರ್‌ಶೈರ್ ಸಾಸ್ ಎಂಬ ಹೆಸರಿನ ಮೇಲೆ ಇವರಿಗೆ ಮಾತ್ರ ಹಕ್ಕು ಎನ್ನಲಾಗದು.

ಸೋತರು. ಆದರೆ ಸೋಲುವ ಮೊದಲೇ ಶೀಷೆಯ ಮೇಲೆ ಸಹಿ ಬಂದಾಗಿತ್ತು. ಊರಿನ ಹೆಸರು ಎಲ್ಲರ ಪಾಲಾಯಿತು, ಇಬ್ಬರ ಹೆಸರು ಇಬ್ಬರದಾಗಿಯೇ ಉಳಿಯಿತು. ಇಂದು ವೂಸ್ಟರ್‌ಶೈರ್ ಸಾಸನ್ನು ಎಷ್ಟೋ ಕಂಪನಿಗಳು ಮಾಡುತ್ತವೆ, ಲೀ ಅಂಡ್ ಪೆರಿನ್ಸ್ ಒಂದೇ. ಕಂಪನಿ ಕೈಬದಲಾಗುತ್ತಾ ಕ್ರಾಫ್ಟ್ ಹೈಂಜ್ ಪಾಲಾದ ಮೇಲೂ ಸಹಿ ಬದಲಾಗಲಿಲ್ಲ. ನೆಲಮಾಳಿಗೆಯ ಕತೆ ಎಷ್ಟೇ ರಂಗಾಗಿರಲಿ, ನಿಜವಾದ ಆವಿಷ್ಕಾರ ಇದು. ಪದಾರ್ಥದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಒಬ್ಬ ವ್ಯಾಪಾರಿ ತನ್ನದು ಮಾಡಿಕೊಳ್ಳಲು ಆಗುವುದಿಲ್ಲ, ಮಾಡಿದವನ ಹೆಸರನ್ನು ಮಾಡಿಕೊಳ್ಳಬಹುದು.

ನಮ್ಮ ರಫ್ತುದಾರರ ಕೈಗೆ ಮೊದಲು ಬರುವ ಹೆಸರುಗಳನ್ನು ಇದಕ್ಕೆ ಒಡ್ಡಿ ನೋಡಿ. ತುಮಕೂರು ಹುಣಸೆ, ಮಧುಗಿರಿ ಹುಣಸೆ, ಶುದ್ಧ ಹುಣಸೆ, ಬೀಜವಿಲ್ಲದ ಹುಣಸೆ. ನಾಲ್ಕೂ ಹೇಳುವುದು ಮಾಲು ಏನು, ಎಲ್ಲಿಯದು ಎಂಬುದನ್ನು. ಮುಂದಿನ ಸುಗ್ಗಿಗೆ ಪಕ್ಕದ ಗೋದಾಮಿನವನು ಅದೇ ಹೆಸರಿನಲ್ಲಿ ಐದು ರೂಪಾಯಿ ಕಡಿಮೆಗೆ ಕಳಿಸಿದರೆ ತಡೆಯಲು ಯಾವ ಕೋರ್ಟೂ ನಿಲ್ಲುವುದಿಲ್ಲ. ಊರಿನ ಹೆಸರಿಗೆ ರಕ್ಷಣೆ ಇಲ್ಲವೇ ಇಲ್ಲ ಎಂದಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೆ ಅದು ಆ ಸೀಮೆಯವರೆಲ್ಲರ ಸೊತ್ತು, ಒಂದು ಕಂಪನಿಯ ಬ್ರಾಂಡ್ ಆಗುವುದಿಲ್ಲ. ಊರಿನ ಹೆಸರು ಲೇಬಲ್ಲಿನ ಕೆಳಗೆ ಇರಲಿ, ಬಡವನಹಳ್ಳಿಯಲ್ಲಿ ಬಿಡಿಸಿದ್ದು ಎಂದು ಬರೆಯಲಿ, ಅದು ನಿಜವೂ ಹೌದು ಒಳ್ಳೆಯದೂ ಹೌದು. ದೊಡ್ಡ ಅಕ್ಷರದಲ್ಲಿ ಇರಬೇಕಾದದ್ದು ಮಾತ್ರ ಮನೆತನದ್ದೋ ಹೊಸದಾಗಿ ಕಟ್ಟಿದ್ದೋ ಆದ, ಬೇರೆ ಯಾರದೂ ಅಲ್ಲದ ಹೆಸರು.

ಇಷ್ಟು ಹೊತ್ತು ಸಹಿಯ ಲಾಭವನ್ನೇ ಹೇಳಿದೆ. ಸಹಿ ಹಾಕಿದವನ ಕೊರಳಿಗೆ ಅದು ಗಂಟೂ ಹೌದು.

2003ರ ಬೇಸಿಗೆಯಲ್ಲಿ ಫ್ರಾನ್ಸಿನಲ್ಲಿ ಭಾರತದಿಂದ ಬಂದ ಮೆಣಸಿನಕಾಯಿಯ ಮಾಲಿನಲ್ಲಿ ಸುಡಾನ್ 1 ಎಂಬ ಬಣ್ಣ ಸಿಕ್ಕಿತು. ಮೇಣ, ಪಾಲಿಷ್, ಎಣ್ಣೆಗಳಿಗೆ ಹಾಕುವ ಬಣ್ಣ ಅದು, ಆಹಾರಕ್ಕೆ ನಿಷಿದ್ಧ. ಐರೋಪ್ಯ ಒಕ್ಕೂಟ ಆಗಿಂದಾಗಲೇ ಮೆಣಸಿನಪುಡಿಗೆ ಪರೀಕ್ಷಾ ಪತ್ರ ಕಡ್ಡಾಯ ಮಾಡಿತು. ಆದರೆ ಅದಕ್ಕೂ ಮೊದಲೇ ಒಳಗೆ ಹೋಗಿದ್ದ ಪುಡಿ ಒಂದು ಕಡೆ ಕೂತಿತ್ತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಅದು ಎದ್ದಿತು. ಪ್ರೀಮಿಯರ್ ಫುಡ್ಸ್ ಕಂಪನಿ ಕ್ರಾಸ್ ಅಂಡ್ ಬ್ಲ್ಯಾಕ್‌ವೆಲ್ ಹೆಸರಿನಲ್ಲಿ ಮಾಡುತ್ತಿದ್ದ ವೂಸ್ಟರ್ ಸಾಸಿಗೆ ಆ ಮೆಣಸಿನಪುಡಿ ಸೇರಿತ್ತು. ಲೀ ಅಂಡ್ ಪೆರಿನ್ಸ್ ಶೀಷೆಗೂ ಇದಕ್ಕೂ ಸಂಬಂಧವಿಲ್ಲ. ಈ ಸಾಸನ್ನು ಇನ್ನೆಷ್ಟೋ ತಯಾರಕರು ಸಿದ್ಧ ಅಡುಗೆ, ಪೈ, ಸೂಪುಗಳಿಗೆ ಬಳಸಿದ್ದರು. ನಾನೂರಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಕಪಾಟಿನಿಂದ ಇಳಿಸಬೇಕಾಯಿತು.

ಆಗ ಪತ್ರಿಕೆಯ ತಲೆಬರಹದಲ್ಲಿ ಬಂದ ಹೆಸರು ಬ್ರಿಟನ್ನಿನ ಕಂಪನಿಯದು. ಪುಡಿಗೆ ಬಣ್ಣ ಬೆರೆಸಿದವರ ಹೆಸರಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಕಾಂಗಿನ ಆಹಾರ ಸುರಕ್ಷತಾ ಕೇಂದ್ರ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆ ಎಂದಾಗ ತಲೆಬರಹದಲ್ಲಿ ಬಂದದ್ದು ಎಂಡಿಎಚ್ ಮತ್ತು ಎವರೆಸ್ಟ್ ಹೆಸರು. ಸಿಂಗಪುರವೂ ಎವರೆಸ್ಟಿನ ಮೀನುಸಾರಿನ ಮಸಾಲೆ ಹಿಂದಕ್ಕೆ ತೆಗೆಸಿತು. ಎರಡು ಘಟನೆಗಳಲ್ಲೂ ಸರಕು ಹೋದದ್ದು ಭಾರತದಿಂದ. ಸಗಟಿನಲ್ಲಿ ಹೋದಾಗ ಪೆಟ್ಟು ಆಚೆಯವನ ಹೆಸರಿಗೆ, ಲೇಬಲ್ಲಿನಲ್ಲಿ ಹೋದಾಗ ಪೆಟ್ಟು ನಮ್ಮ ಹೆಸರಿಗೆ. ಸ್ವಂತ ಬ್ರಾಂಡ್ ಎಂದರೆ ಲಾಭದ ಪಾಲು ಹೆಚ್ಚು ಎಂದಷ್ಟೇ ಲೆಕ್ಕ ಹಾಕುವವರು ಈ ಎರಡನೇ ಸಾಲನ್ನು ಬರೆದುಕೊಂಡಿರುವುದಿಲ್ಲ.

ಆದ್ದರಿಂದ ಸಹಿಯ ಕೆಲಸ ಶುರುವಾಗಬೇಕಾದ್ದು ಲೇಬಲ್ ಬರೆಯುವ ಕಲಾವಿದನ ಬಳಿ ಅಲ್ಲ, ಹಣ್ಣು ಬಿಡಿಸುವ ನೆಲದ ಮೇಲೆ. ಸಗಟು ಕೊಳ್ಳುವವನು ಹುಣಸೆಯನ್ನು ಮತ್ತೆ ನೆನೆಸಿ, ಸೋಸಿ, ಕಾಯಿಸುತ್ತಾನೆ. ನಾಲ್ಕು ಬೀಜ, ಒಂದಿಷ್ಟು ನಾರು, ಒಂದು ಕಲ್ಲಿನ ಚೂರು ಅವನ ಜಾಲರಿಯಲ್ಲಿ ನಿಲ್ಲುತ್ತದೆ. ಅದಕ್ಕೆ ಅವನು ದರದಲ್ಲಿ ಕಡಿತ ಮಾಡಿ ಸುಮ್ಮನಾಗುತ್ತಾನೆ. ಇನ್ನೂರು ಗ್ರಾಮಿನ ಪೊಟ್ಟಣ ಕೊಂಡವಳಿಗೆ ಜಾಲರಿ ಇಲ್ಲ, ಹಲ್ಲಿದೆ. ಅಂಗಳದ ನೆಲದ ಮೇಲೆ ಬಿಡಿಸಿದ ಹಣ್ಣಿಗೆ ಮಣ್ಣು ತಾಗುವುದು ತಪ್ಪದು, ಆದ್ದರಿಂದ ಬಿಡಿಸುವ ಮನೆಗಳಿಗೆ ಹಲಗೆ ಮೇಜು, ಸ್ವಚ್ಛ ಹಾಸು ಕೊಡಬೇಕು. ಕಿಲೋ ಲೆಕ್ಕದ ಕೂಲಿ ಕೊಟ್ಟರೆ ಬೇಗ ಬಿಡಿಸುವುದೇ ಲಾಭ, ಶುದ್ಧವಾಗಿ ಬಿಡಿಸುವುದು ನಷ್ಟ. ಪೊಟ್ಟಣಕ್ಕೆ ಹೋಗುವ ಮಾಲಿಗೆ ಬೇರೆ ದರ ಇಡದೆ ಬರೀ ಬುದ್ಧಿ ಹೇಳಿದರೆ ಮೂರನೇ ದಿನಕ್ಕೆ ಹಳೆಯ ಪಾಡೇ.

ಹುಣಸೆಗೆ ಇನ್ನೆರಡು ಕಾಟಗಳಿವೆ. ಒಂದು ಬಣ್ಣ. ಹೊಸ ಹಣ್ಣು ಕೆಂಪು ಕಂದಾಗಿರುತ್ತದೆ, ಸೆಕೆಯಲ್ಲಿ ಇಟ್ಟರೆ ತಿಂಗಳು ಕಳೆದಂತೆ ಕಪ್ಪಾಗುತ್ತದೆ. ನಮ್ಮ ಮನೆಗಳಲ್ಲಿ ಹಳೆಯ ಕಪ್ಪು ಹುಣಸೆಗೆ ಬೆಲೆ ಉಂಟು, ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ. ಗಾಜಿನ ಕಪಾಟಿನಲ್ಲಿ ಮೊದಲ ತಿಂಗಳ ಕೆಂಪು ಪೊಟ್ಟಣದ ಪಕ್ಕ ಎಂಟನೇ ತಿಂಗಳ ಕಪ್ಪು ಪೊಟ್ಟಣ ನಿಂತಾಗ ಮಾತ್ರ, ಹೊಸ ಗಿರಾಕಿ ಕಪ್ಪನ್ನು ಕೆಟ್ಟದ್ದೆಂದೇ ತಿಳಿಯುತ್ತಾನೆ. ಶೀತಗೃಹದಲ್ಲಿಟ್ಟು, ಆರ್ಡರಿಗೆ ತಕ್ಕಂತೆ ಮಾತ್ರ ಪೊಟ್ಟಣ ಕಟ್ಟುವುದೇ ದಾರಿ. ಎರಡನೆಯದು ಹುಳು. ಬೀಜ ಕೊರೆಯುವ ಜೀರುಂಡೆಯ ಮೊಟ್ಟೆ ಕಣ್ಣಿಗೆ ಕಾಣದು, ಹುಳು ಉಳಿದ ಒಂದು ಬೀಜದಲ್ಲಿ ಕೂತು ಪೊಟ್ಟಣದೊಳಗೇ ಹೊರಬರುತ್ತದೆ. ಪೊಟ್ಟಣದ ತಳದಲ್ಲಿ ಕಂದು ಪುಡಿ, ಬೀಜದ ಮೇಲೆ ಗುಂಡುಸೂಜಿ ಗಾತ್ರದ ತೂತು, ಇವು ಕಂಡರೆ ಆ ಕಟ್ಟು ಪೂರ್ತಿ ಅನುಮಾನದ್ದು. ಪ್ರತಿ ಕಟ್ಟಿನಿಂದ ಕೆಲವು ಪೊಟ್ಟಣ ತೆಗೆದು ಬೆಚ್ಚಗಿನ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು ನೋಡಿದರೆ, ಹಡಗು ಹೊರಡುವ ಮೊದಲೇ ಹುಳು ತಾನಾಗಿ ಹೇಳುತ್ತದೆ. ಪೊಟ್ಟಣದ ಮೇಲಿನ ಕಟ್ಟಿನ ಸಂಖ್ಯೆಯಿಂದ ಹಿಂದಕ್ಕೆ ನಡೆದರೆ ಯಾವ ದಿನ, ಯಾವ ಮನೆಗಳಲ್ಲಿ ಬಿಡಿಸಿದ ಮಾಲು ಎಂದು ಒಂದು ಗಂಟೆಯೊಳಗೆ ಹೇಳಲು ಬರಬೇಕು.

ಇನ್ನು ಕಪಾಟಿನ ಲೆಕ್ಕ. ಸುಮಾರು 18 ಟನ್ ಹುಣಸೆ ಒಂದು ಕಂಟೇನರ್ ಎಂದಿಟ್ಟುಕೊಳ್ಳೋಣ. ಸಗಟಾಗಿ ಮಾರಲು ಒಬ್ಬ ಕೊಳ್ಳುವವನು ಸಾಕು. ಅದನ್ನೇ 200 ಗ್ರಾಮಿನ ಪೊಟ್ಟಣ ಮಾಡಿದರೆ 90,000 ಪೊಟ್ಟಣ. ಒಂದು ಅಂಗಡಿ ವಾರಕ್ಕೆ ಹತ್ತು ಮಾರಿತು ಎನ್ನಿ, ವರ್ಷಕ್ಕೆ 520. ಒಂದು ಕಂಟೇನರ್ ವರ್ಷದೊಳಗೆ ಖಾಲಿಯಾಗಲು ಸುಮಾರು 173 ಅಂಗಡಿಗಳ ಕಪಾಟು ಬೇಕು. ಹೊಸ ಹೆಸರಿಗೆ ಮೊದಲ ವರ್ಷ ಅಷ್ಟು ಕಪಾಟು ಕೊಡುವವರು ಯಾರೂ ಇಲ್ಲ. ಸಗಟಿನ ಅಭ್ಯಾಸದಲ್ಲಿ ಪೂರ್ತಿ ಕಂಟೇನರ್ ತುಂಬಿಸಿ ಕಳಿಸಿ, ಅರ್ಧ ಮಾಲು ಆಚೆಯ ಗೋದಾಮಿನಲ್ಲಿ ಕಪ್ಪಾಗುವುದು ಈ ದಾರಿಯ ಮಾಮೂಲಿ ಪೆಟ್ಟು.

ರೂಪಾಯಿಯಲ್ಲಿ ನೋಡಿದರೆ ಪೆಟ್ಟಿನ ಆಳ ತಿಳಿಯುತ್ತದೆ. ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದವು, ನಿಮ್ಮ ಅಂಕಿ ಹಾಕಿಕೊಳ್ಳಿ. ಪೊಟ್ಟಣದ ಕಪಾಟಿನ ಬೆಲೆ 250 ರೂಪಾಯಿ. ಅಂಗಡಿಯವನ ಪಾಲು ನೂರಕ್ಕೆ 35 ಹೋದರೆ 162 ಉಳಿಯಿತು, ವಿತರಕನ ನೂರಕ್ಕೆ 25 ಹೋದರೆ 122. ಹಡಗು, ಬಂದರು, ಸುಂಕಕ್ಕೆ 20. ಕೈಗೆ ಬಂದದ್ದು ಸರಿಸುಮಾರು 100. ಅದರಲ್ಲಿ ಹುಣಸೆಗೆ 30, ಪೊಟ್ಟಣ ಪೆಟ್ಟಿಗೆಗೆ 12. ಮಿಕ್ಕಿದ್ದು 58. ಸಗಟಿನಲ್ಲಿ ಇದೇ 200 ಗ್ರಾಮಿಗೆ ಒಂದೆರಡು ರೂಪಾಯಿ ಮಿಕ್ಕರೆ ಹೆಚ್ಚು, ಆದ್ದರಿಂದ 58 ಎಂದಾಗ ಕಣ್ಣು ಅರಳುವುದು ಸಹಜ. ಆದರೆ ಮಾರಾಟವಾಗದೆ ಹಿಂದೆ ಬಂದ, ಅಥವಾ ರುಚಿ ನೋಡಲೆಂದು ಪುಕ್ಕಟೆ ಕೊಟ್ಟ ಪ್ರತಿ ಪೊಟ್ಟಣಕ್ಕೂ ಮಾಲು, ಪೆಟ್ಟಿಗೆ, ಹಡಗು ಸೇರಿ 62 ರೂಪಾಯಿ ಕೈಬಿಟ್ಟಿತು. ಮೂರರಲ್ಲಿ ಒಂದು ಹೀಗೆ ಹೋದರೆ ಪೊಟ್ಟಣಕ್ಕೆ ಸರಾಸರಿ 18 ರೂಪಾಯಿ ಉಳಿಯುತ್ತದೆ. ಅರ್ಧ ಹೋದರೆ ಏನೂ ಉಳಿಯುವುದಿಲ್ಲ. ಪ್ರಯೋಗಶಾಲೆಯ ಖರ್ಚು, ವಿಮೆ, ಜಾಹೀರಾತು ಇದರಲ್ಲಿ ಸೇರಿಲ್ಲ.

ಹೀಗಾಗಿ ಮೊದಲ ವರ್ಷ ಇತರರ ಸರಕಿನ ಜೊತೆ ಹಂಚಿಕೊಂಡ ಕಂಟೇನರಿನಲ್ಲಿ ಕೆಲವೇ ಪೆಟ್ಟಿಗೆ ಕಳಿಸಿ, ಒಂದೇ ನಗರದ ಕೆಲವೇ ಅಂಗಡಿಗಳಲ್ಲಿ ನಿಲ್ಲುವುದು ಮೇಲು. ಯಾರ ಕಪಾಟು ಎನ್ನುವುದೂ ಮುಖ್ಯ. ನಮ್ಮವರ ಅಂಗಡಿಯಲ್ಲಿ ಹುಣಸೆ ಏನೆಂದು ಹೇಳಿಕೊಡಬೇಕಿಲ್ಲ, ಆದರೆ ಅಲ್ಲಿ ಆಮದುದಾರನ ಸ್ವಂತ ಲೇಬಲ್ ಆಗಲೇ ಕಣ್ಣಿಗೆ ಕಾಣುವ ಸಾಲಿನಲ್ಲಿ ಕೂತಿದೆ, ಜಗಳ ಬರೀ ದರದ್ದು. ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಥಾಯ್ಲೆಂಡಿನ ಹುಣಸೆ ರಸ ಡಬ್ಬಿಯಲ್ಲಿ ಸಿದ್ಧವಾಗಿದೆ. ಅಮೆರಿಕದಲ್ಲಿ ಹುಣಸೆ ಪಾನಕ ಕುಡಿದು ಬೆಳೆದ ಮೆಕ್ಸಿಕೊ ಮೂಲದ ಮನೆಗಳಿವೆ, ಅವರಿಗೆ ನಮ್ಮ ರಸಂ ಚಿತ್ರದ ಲೇಬಲ್ ಅರ್ಥವಾಗದು. ಮೂರಕ್ಕೂ ಒಂದೇ ಪೊಟ್ಟಣ ನಡೆಯುವುದಿಲ್ಲ. ನನ್ನ ಮತ ಕೇಳಿದರೆ ಮೊದಲನೆಯದರಿಂದ ಶುರುಮಾಡಬೇಕು, ಆದರೆ ದರದ ಜಗಳಕ್ಕಿಳಿಯದೆ. ಕಲ್ಲು, ಬೀಜ ಸಿಕ್ಕರೆ ದುಡ್ಡು ವಾಪಸ್ ಎಂದು ಸಹಿಯ ಕೆಳಗೆ ಬರೆಯುವ ಧೈರ್ಯ ಇದ್ದರೆ ಅದೇ ಸಾಕು. ದುಡ್ಡು ವಾಪಸು ಕೇಳುವವರ ಸಂಖ್ಯೆಯೇ ಬಿಡಿಸುವ ನೆಲದ ಪರೀಕ್ಷೆಯ ಅಂಕವೂ ಆಗುತ್ತದೆ.

ಸಗಟಿನ ಹಳೆಯ ಗಿರಾಕಿಯ ಮಾತು ಬಂದರೆ ಹಲವರು ತಡವರಿಸುತ್ತಾರೆ. ವರ್ಷಕ್ಕೆ ಹತ್ತು ಕಂಟೇನರ್ ಕೊಳ್ಳುವ ಆಮದುದಾರ ಅದನ್ನು ತನ್ನ ಹೆಸರಿನ ಪೊಟ್ಟಣ ಮಾಡಿ ಮಾರುತ್ತಿದ್ದಾನೆ. ಅವನದೇ ಪೇಟೆಯಲ್ಲಿ ನಮ್ಮ ಪೊಟ್ಟಣ ನಿಂತ ದಿನ ನಾವು ಅವನ ಪ್ರತಿಸ್ಪರ್ಧಿ. ಮರುದಿನ ಅವನು ಬೇರೆ ಮಾಲು ಹುಡುಕುತ್ತಾನೆ, ಹತ್ತು ಕಂಟೇನರ್ ನಿಂತ ಮೇಲೆ ಬ್ರಾಂಡ್ ಬೆಳೆಸಲು ದುಡ್ಡೇ ಇರುವುದಿಲ್ಲ. ಸಗಟಿನ ದುಡ್ಡೇ ಮೊದಲ ನಾಲ್ಕೈದು ವರ್ಷ ಲೇಬಲ್ಲನ್ನು ಸಾಕಬೇಕು. ಆದ್ದರಿಂದ ಸಗಟು ದುಬೈಗೆ ಹೋಗುತ್ತಿದ್ದರೆ ಲೇಬಲ್ ಮೊದಲು ಲಂಡನ್ನಿಗೋ ಮೆಲ್ಬರ್ನಿಗೋ ಹೋಗಲಿ, ಹಳೆಯ ಗಿರಾಕಿಗೆ ಅದನ್ನು ಮುಚ್ಚಿಡದೆ ಹೇಳಿ.

ಕೊನೆಗೆ ಸಹಿಯ ನೋಂದಣಿ. ಭಾರತದಲ್ಲಿ ನೋಂದಾಯಿಸಿದ ಟ್ರೇಡ್‌ಮಾರ್ಕ್ ಬೇರೆ ದೇಶದಲ್ಲಿ ತಾನಾಗಿ ನಡೆಯುವುದಿಲ್ಲ. ಭಾರತಕ್ಕೆ 2013ರ ಜುಲೈನಲ್ಲಿ ಮ್ಯಾಡ್ರಿಡ್ ಪ್ರೋಟೋಕಾಲ್ ಜಾರಿಗೆ ಬಂದ ಮೇಲೆ ಇಲ್ಲಿಂದಲೇ ಒಂದು ಅರ್ಜಿಯಲ್ಲಿ ಹಲವು ದೇಶಗಳನ್ನು ಕೇಳಿಕೊಳ್ಳಬಹುದು. ಸಾಂಬಾರ ಪದಾರ್ಥ, ಸಾಸುಗಳು ಬರುವುದು 30ನೇ ವರ್ಗಕ್ಕೆ. ಪ್ರತಿ ದೇಶ ತನ್ನ ಕಾನೂನಿನಂತೆ ಪರಿಶೀಲಿಸಿ ಕೊಡುವುದೋ ಬಿಡುವುದೋ ಮಾಡುತ್ತದೆ. ಆಚೆಯ ವಿತರಕ ಇದನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎನ್ನುವುದು ಬಹಳ ಸಾಮಾನ್ಯ. ನೋಡಿಕೊಳ್ಳುತ್ತಾನೆ, ತನ್ನ ಹೆಸರಿನಲ್ಲಿ. ಎಷ್ಟೋ ದೇಶಗಳಲ್ಲಿ ಮೊದಲು ಅರ್ಜಿ ಹಾಕಿದವನದೇ ಹಕ್ಕು. ಅವನೊಡನೆ ಮನಸ್ತಾಪ ಬಂದ ದಿನ ನಮ್ಮ ಹೆಸರಿನ ಪೊಟ್ಟಣ ಆ ದೇಶದೊಳಗೆ ಇಳಿಸಲು ಅವನ ಅಪ್ಪಣೆ ಬೇಕಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಂತೂ ಪೊಟ್ಟಣದ ಮೇಲೆ ಅಲ್ಲಿಯ ಆಮದುದಾರನ ಹೆಸರು, ವಿಳಾಸ ಇರಲೇಬೇಕೆಂಬುದು ಕಾನೂನು, ಅದನ್ನು ತಪ್ಪಿಸಲಾಗದು. ಅವನ ವಿಳಾಸ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರಲಿ. ಅರ್ಜಿದಾರನ ಕಾಲಮ್ಮಿನಲ್ಲಿ ಮಾತ್ರ ಮಧುಗಿರಿ ತಾಲ್ಲೂಕಿನ ವಿಳಾಸವೇ ಇರಬೇಕು, ಅದೂ ಮೊದಲ ಮಾದರಿ ಪೊಟ್ಟಣ ಅವನ ಕೈ ಸೇರುವ ಮುಂಚೆ.